ಎಡಗಡೆಯ ನೋಟ ಕೇಳಿದಾಗ ಬಲಗಡೆಯದು ಬಂದರೆ: ಒಂದು ಡ್ರಾಯಿಂಗ್ ಹಾಳೆಯ ಮೌಲ್ಯಮಾಪನ

ಕಲಬುರಗಿಯ ಒಂದು ಪಾಲಿಟೆಕ್ನಿಕ್‌ನಲ್ಲಿ ಮೊದಲ ವರ್ಷದ ಇಂಜಿನಿಯರಿಂಗ್ ಡ್ರಾಯಿಂಗ್ ಇಂಟರ್ನಲ್ ಪರೀಕ್ಷೆ. 20 ಅಂಕದ ಒಂದೇ ಪ್ರಶ್ನೆ, ಆರ್ಥೋಗ್ರಾಫಿಕ್ ಪ್ರೊಜೆಕ್ಷನ್ ಮೇಲೆ, ಅಂದರೆ ಒಂದೇ ವಸ್ತುವನ್ನು ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ನೋಡಿದಂತೆ ಬೇರೆ ಬೇರೆಯಾಗಿ ಬಿಡಿಸುವುದು. ಒಬ್ಬ ವಿದ್ಯಾರ್ಥಿನಿಯ ಹಾಳೆಗೆ ಒಬ್ಬ ಉಪನ್ಯಾಸಕರು 19 ಕೊಟ್ಟಿದ್ದರು. ಇನ್ನೊಬ್ಬರು ಅದೇ ಹಾಳೆಗೆ 14 ಕೊಟ್ಟಿದ್ದರು. ಇಬ್ಬರೂ ಅನುಭವ ಇದ್ದವರು, ಇಬ್ಬರ ಕೈಯಲ್ಲೂ ಅಂಕ ಹಂಚಿಕೆಯ ಅದೇ ಸ್ಕೀಮ್. 5 ಅಂಕದ ವ್ಯತ್ಯಾಸ ಬಂದದ್ದಕ್ಕೆ ಹಾಳೆ ಮೂರನೆಯವನಾದ ನನ್ನ ಟೇಬಲ್‌ಗೆ ಬಂತು.

ಜಗಳವೆಲ್ಲ ಸೈಡ್ ವ್ಯೂ ಮೇಲೆ, ಅದರಲ್ಲೂ ಒಂದು ಅಡ್ಡ ಗೆರೆಯ ಮೇಲೆ. ಆ ಗೆರೆಯನ್ನು ಕಡಿದು ಕಡಿದು ಎಳೆಯಬೇಕಿತ್ತು. ಆಕೆ ಪೂರ್ತಿ ದಪ್ಪ ಗೆರೆ ಎಳೆದಿದ್ದಳು. ಮೊದಲನೆಯವರು ಅದನ್ನು ಗೆರೆಯ ತಪ್ಪು ಅಂದುಕೊಂಡರು, ಎರಡನೆಯವರು ಇಡೀ ನೋಟವೇ ತಪ್ಪು ಅಂದುಕೊಂಡರು. ಯಾರು ಸರಿ ಅನ್ನುವುದು ಹಾಳೆಯನ್ನು ಮೇಲುಮೇಲೆ ನೋಡಿದರೆ ಗೊತ್ತಾಗುವಂತಿರಲಿಲ್ಲ. ಅದಕ್ಕೇ ಈ ಪ್ರಕರಣವನ್ನು ವಿವರವಾಗಿ ಬರೆಯುತ್ತಿದ್ದೇನೆ.

ಪ್ರಶ್ನೆಯಲ್ಲಿದ್ದ ವಸ್ತು

ಓದುವಾಗ ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು ಬಿಡಿಸಿಕೊಳ್ಳಿ, ಮುಂದಿನದೆಲ್ಲ ಸುಲಭ ಆಗುತ್ತದೆ.

ಮುಂದಿನಿಂದ ನೋಡಿದರೆ ಇಂಗ್ಲಿಷಿನ L ಅಕ್ಷರದಂತೆ ಕಾಣುವ ಒಂದು ಬ್ಲಾಕ್. ಉದ್ದ 80 ಮಿ.ಮೀ., ಮುಂದಿನಿಂದ ಹಿಂದಕ್ಕೆ ಅಗಲ 50, ಒಟ್ಟು ಎತ್ತರ 60. ಕೆಳಗಿನ ಬೇಸ್ 20 ದಪ್ಪ. ಎಡತುದಿಯಲ್ಲಿ 20 ದಪ್ಪದ ಗೋಡೆ ಪೂರ್ತಿ 60ರ ತನಕ ಎದ್ದು ನಿಂತಿದೆ. ಆ ಗೋಡೆಯ ತಲೆಯಲ್ಲಿ, ಅಗಲದ ಸರಿಯಾಗಿ ನಡುವೆ, 20 ಅಗಲ 15 ಆಳದ ಒಂದು ಆಯತಾಕಾರದ ಕಚ್ಚು. ಕಚ್ಚು ಗೋಡೆಯ ದಪ್ಪದ ಆಚೆಯಿಂದ ಈಚೆಯ ತನಕ ಹೋಗಿದೆ. ಬೇಸ್‌ನಲ್ಲಿ ಗೋಡೆ ಇಲ್ಲದ ಭಾಗದ ನಟ್ಟನಡುವೆ 20 ವ್ಯಾಸದ ತೂತು, ಮೇಲಿನಿಂದ ಕೆಳಗಿನ ತನಕ.

ಪ್ರಶ್ನೆ ಪತ್ರಿಕೆಯಲ್ಲಿ ಇದರ ಮೂರು ಮುಖ ಒಟ್ಟಿಗೇ ಕಾಣುವ ಐಸೋಮೆಟ್ರಿಕ್ ಚಿತ್ರ ಇತ್ತು. ಮುಂಭಾಗ ಯಾವುದೆಂದು ತೋರಿಸುವ F ಎಂಬ ಬಾಣ ಕೆಳಗಿನ ಎಡಮೂಲೆಯಿಂದ ಬರುತ್ತಿತ್ತು. ಈ ಬಾಣವನ್ನು ನೆನಪಿಡಿ. ಫಸ್ಟ್ ಆ್ಯಂಗಲ್ ಪ್ರೊಜೆಕ್ಷನ್‌ನಲ್ಲಿ ಫ್ರಂಟ್ ವ್ಯೂ, ಟಾಪ್ ವ್ಯೂ ಮತ್ತು ಎಡಗಡೆಯ ಸೈಡ್ ವ್ಯೂ ಬಿಡಿಸಿ ಎಂದು ಕೇಳಿತ್ತು. ಫ್ರಂಟ್ ವ್ಯೂಗೆ 6 ಅಂಕ, ಟಾಪ್ ವ್ಯೂಗೆ 5, ಸೈಡ್ ವ್ಯೂಗೆ 5, ನೋಟಗಳ ಜಾಗ ಮತ್ತು ಪ್ರೊಜೆಕ್ಷನ್ ಚಿಹ್ನೆಗೆ 2, ಅಳತೆ ಬರೆದದ್ದಕ್ಕೆ 2.

ಸರಿ ಉತ್ತರ ಹೇಗಿರಬೇಕು

ಫ್ರಂಟ್ ವ್ಯೂ L ಆಕಾರ. ತೂತು ಬೇಸ್‌ನ ಒಳಗೆ ಇರುವುದರಿಂದ ಮುಂದಿನಿಂದ ಕಾಣುವುದಿಲ್ಲ. ಎಡತುದಿಯಿಂದ 40 ಮತ್ತು 60 ಮಿ.ಮೀ. ದೂರದಲ್ಲಿ, ತಳದಿಂದ 20 ಎತ್ತರದ ತನಕ ಎರಡು ಹಿಡನ್ ಲೈನ್, ಅಂದರೆ ಅಡಗಿದ ಅಂಚನ್ನು ತೋರಿಸಲು ಕಡಿದು ಕಡಿದು ಎಳೆಯುವ ಗೆರೆ, ಅವುಗಳ ನಡುವೆ ಒಂದು ಸೆಂಟರ್ ಲೈನ್. ಗೋಡೆಯ ಕಚ್ಚು ಕೂಡ ಮುಂದಿನಿಂದ ಕಾಣದು, ಯಾಕಂದರೆ ಅದರ ಮುಂದೆ 15 ಮಿ.ಮೀ. ಗೋಡೆ ಅಡ್ಡ ಇದೆ. ಆದ್ದರಿಂದ ಕಚ್ಚಿನ ತಳ 45 ಎತ್ತರದಲ್ಲಿ, ಗೋಡೆಯ ದಪ್ಪದಷ್ಟೇ ಉದ್ದಕ್ಕೆ, ಒಂದು ಅಡ್ಡ ಹಿಡನ್ ಲೈನ್ ಆಗಿ ಬರುತ್ತದೆ.

ಟಾಪ್ ವ್ಯೂ ಫ್ರಂಟ್ ವ್ಯೂನ ಕೆಳಗೆ. 80ಕ್ಕೆ 50ರ ಆಯತ, ಗೋಡೆಯ ಅಂಚಿನ ಗೆರೆ, ಕಚ್ಚಿನ ಎರಡು ಗೆರೆ, ತೂತಿನ ವೃತ್ತ. ಮೇಲಿನಿಂದ ಎಲ್ಲವೂ ಕಾಣುತ್ತದೆ, ಹಾಗಾಗಿ ಒಂದೂ ಹಿಡನ್ ಲೈನ್ ಇಲ್ಲ.

ಎಡಗಡೆಯ ಸೈಡ್ ವ್ಯೂ ಫ್ರಂಟ್ ವ್ಯೂನ ಬಲಕ್ಕೆ ಕೂರುತ್ತದೆ. ಫಸ್ಟ್ ಆ್ಯಂಗಲ್‌ನಲ್ಲಿ ನೋಡುವವನಿಗೂ ಚಿತ್ರ ಬೀಳುವ ಸಮತಲಕ್ಕೂ ನಡುವೆ ವಸ್ತು ಇರುತ್ತದೆ. ಎಡದಿಂದ ನೋಡಿದ್ದು ವಸ್ತುವಿನ ಆಚೆ, ಅಂದರೆ ಬಲಕ್ಕೆ ಬೀಳುತ್ತದೆ. ಈ ನೋಟದಲ್ಲಿ 50 ಅಗಲ 60 ಎತ್ತರದ ಆಯತ, ತಲೆಯಲ್ಲಿ ಕಚ್ಚು. ನಮ್ಮ ಕಣ್ಣಿಗೆ ಎದುರಾಗಿರುವುದು ಗೋಡೆಯ ಬೆನ್ನು. ಬೇಸ್ ಅದರ ಹಿಂದೆ ಅಡಗಿದೆ. ಬೇಸ್‌ನ ಮೇಲ್ಮೈ 20 ಎತ್ತರದಲ್ಲಿ ಒಂದು ಅಡ್ಡ ಹಿಡನ್ ಲೈನ್ ಆಗಬೇಕು. ತೂತಿನ ಎರಡು ಹಿಡನ್ ಲೈನ್ ತಳದಿಂದ ಆ 20ರ ಗೆರೆಯ ತನಕ ಬಂದು ನಿಲ್ಲಬೇಕು.

ಈಗ ಅದೇ ಬ್ಲಾಕನ್ನು ಬಲಗಡೆಯಿಂದ ನೋಡಿ. ಹೊರಗೆರೆ ಅದೇ, ಕಚ್ಚು ಅದೇ, ತೂತಿನ ಗೆರೆಗಳೂ ಅವೇ. ಬದಲಾಗುವುದು 20 ಎತ್ತರದ ಆ ಒಂದು ಗೆರೆ ಮಾತ್ರ. ಬಲದಿಂದ ಬೇಸ್‌ನ ತುದಿ ಎದುರಿಗೇ ಕಾಣುವುದರಿಂದ ಅದು ದಪ್ಪ ಗೆರೆ ಆಗುತ್ತದೆ. ಕಚ್ಚೂ ತೂತೂ ಅಗಲದ ನಡುಮಧ್ಯದಲ್ಲೇ ಇರುವುದರಿಂದ ಎಡ ಬಲ ಅದಲುಬದಲಾದರೂ ಚಿತ್ರ ಹಾಗೇ ಇರುತ್ತದೆ. ಈ ಪ್ರಶ್ನೆಯಲ್ಲಿ ಎರಡು ನೋಟಗಳನ್ನು ಬೇರೆ ಮಾಡುವುದು ಒಂದೇ ಒಂದು ಗೆರೆ. ಇಬ್ಬರು ಉಪನ್ಯಾಸಕರ ನಡುವೆ ಭಿನ್ನಾಭಿಪ್ರಾಯ ಬಂದದ್ದು ಇದರಿಂದಲೇ.

ಹಾಳೆಯಲ್ಲಿ ಏನಿತ್ತು

ಆಕೆಯ ಫ್ರಂಟ್ ವ್ಯೂ ಪೂರ್ತಿ ಸರಿ. ತೂತಿನ ಹಿಡನ್ ಲೈನ್‌ಗಳು ಇವೆ, ಕಚ್ಚಿನ ತಳದ ಹಿಡನ್ ಲೈನ್ 45ರಲ್ಲೇ ಇದೆ. ಟಾಪ್ ವ್ಯೂ ಕೆಳಗೆ, ಸರಿ ಜಾಗದಲ್ಲಿ, ಸರಿ ಗೆರೆಗಳೊಂದಿಗೆ. ಫಸ್ಟ್ ಆ್ಯಂಗಲ್ ಚಿಹ್ನೆಯೂ ಸರಿ: ಶಂಕುವಿನ ತುಂಡು ಎಡಕ್ಕೆ, ಅದರ ಸಣ್ಣ ತುದಿ ಎಡಕ್ಕೆ ಮುಖ ಮಾಡಿ, ಎರಡು ವೃತ್ತಗಳು ಬಲಕ್ಕೆ.

ಸೈಡ್ ವ್ಯೂ ಬಲಕ್ಕೇ ಇತ್ತು. ಹೊರಗೆರೆ ಮತ್ತು ಕಚ್ಚು ಸರಿ. ಆದರೆ 20 ಎತ್ತರದ ಗೆರೆ ದಪ್ಪವಾಗಿತ್ತು. ಇನ್ನೊಂದು ತಪ್ಪೂ ಇತ್ತು. ತೂತಿನ ಎರಡು ಹಿಡನ್ ಲೈನ್ 20ರಲ್ಲಿ ನಿಲ್ಲದೆ, ಗೋಡೆಯ ಮೇಲೆ ಹತ್ತಿ, 45ರಲ್ಲಿ ಕಚ್ಚಿನ ಮೂಲೆಗಳಿಗೆ ಹೋಗಿ ಸೇರಿದ್ದವು. ಕೆಲಸ ಅಚ್ಚುಕಟ್ಟಾಗಿತ್ತು. ಗೆರೆಗಳು ಒಂದಕ್ಕೊಂದು ನೆಟ್ಟಗೆ ಕೂಡಿದ್ದರಿಂದ ನೋಡಲು ಸರಿಯಾಗೇ ಕಾಣುತ್ತಿತ್ತು. ಮೊದಲ ಮೌಲ್ಯಮಾಪಕರ ಕಣ್ಣು ಇದನ್ನು ದಾಟಿಕೊಂಡು ಹೋಗಿತ್ತು. ಅವರು ದಪ್ಪ ಗೆರೆಗೆ 1 ಅಂಕ ಕಳೆದು ಸೈಡ್ ವ್ಯೂಗೆ 4 ಕೊಟ್ಟಿದ್ದರು. ಎರಡನೆಯವರು "ಇದು ಬಲಗಡೆಯ ನೋಟ, ಕೇಳಿದ್ದು ಎಡಗಡೆಯದು" ಎಂದು ಸೊನ್ನೆ ಹಾಕಿ, ಜಾಗದ ಅಂಕದಲ್ಲೂ 1 ಕಳೆದಿದ್ದರು.

ಮೊದಲು ಸುಲಭದ ತಪ್ಪನ್ನು ಮುಗಿಸೋಣ. ತೂತಿನ ಗೆರೆ ಗೋಡೆ ಹತ್ತಿದ್ದು ಯಾಕೆ? ತೂತಿನ ವ್ಯಾಸ 20, ಕಚ್ಚಿನ ಅಗಲವೂ 20, ಎರಡೂ ನಡುಮಧ್ಯ. ಟಾಪ್ ವ್ಯೂನಿಂದ ಬಲಕ್ಕೆ ಗೆರೆ ಎಳೆದು, 45 ಡಿಗ್ರಿಯ ಓರೆ ಗೆರೆಗೆ ತಾಗಿಸಿ ಮೇಲಕ್ಕೆ ತಿರುಗಿಸಿದಾಗ ತೂತಿನ ಗೆರೆಯೂ ಕಚ್ಚಿನ ಗೆರೆಯೂ ಒಂದರ ಮೇಲೊಂದು ಬೀಳುತ್ತವೆ. ಸೈಡ್ ವ್ಯೂನಲ್ಲಿ ತಳದಿಂದ ತಲೆಯ ತನಕ ಒಂದೇ ತೆಳು ಗೆರೆ ಕಾಣುತ್ತದೆ. ಅದರಲ್ಲಿ ಯಾವ ತುಂಡು ತೂತಿನದು, ಯಾವುದು ಕಚ್ಚಿನದು, ಯಾವುದು ಯಾರದೂ ಅಲ್ಲ ಅನ್ನುವುದನ್ನು ಫ್ರಂಟ್ ವ್ಯೂನ ಎತ್ತರ ನೋಡಿ ತೀರ್ಮಾನಿಸಬೇಕು. 0ಯಿಂದ 20 ತೂತಿನದು. 45ರಿಂದ 60 ಕಚ್ಚಿನದು. ನಡುವಿನ 20ರಿಂದ 45 ಬರೀ ಪ್ರೊಜೆಕ್ಷನ್ ಗೆರೆ, ಅಲ್ಲಿ ವಸ್ತುವಿನ ಯಾವ ಅಂಚೂ ಇಲ್ಲ. ಆಕೆ ಅಗಲವನ್ನು ಸರಿಯಾಗಿ ತಂದಳು, ಎತ್ತರವನ್ನು ತರುವುದು ಬಿಟ್ಟಳು.

ಇಂಥ ತಪ್ಪು ಹಿಡಿಯಲು ನಾನು ಮಾಡುವುದು ಇಷ್ಟೇ. ಸೈಡ್ ವ್ಯೂನ ಪ್ರತಿ ಹಿಡನ್ ಲೈನ್‌ನ ಎರಡು ತುದಿಗಳ ಮೇಲೆ ಬೆರಳಿಟ್ಟು, ಅದೇ ಎತ್ತರದಲ್ಲಿ ಸ್ಕೇಲನ್ನು ಅಡ್ಡ ಹಿಡಿದು ಫ್ರಂಟ್ ವ್ಯೂ ಕಡೆ ಹೋಗುತ್ತೇನೆ. ಅಲ್ಲಿ ಆ ಎತ್ತರದಲ್ಲಿ ತೂತು ನಿಂತಿದೆಯಾ? ಇಲ್ಲಿ ಮೇಲಿನ ತುದಿ 45ರಲ್ಲಿತ್ತು. ಆಕೆಯದೇ ಫ್ರಂಟ್ ವ್ಯೂನಲ್ಲಿ ತೂತು 20ಕ್ಕೇ ಮುಗಿದಿತ್ತು. ಅವಳ ಎರಡು ನೋಟಗಳು ಒಂದಕ್ಕೊಂದು ವಿರುದ್ಧ ಹೇಳುತ್ತಿದ್ದವು. ಸರಿ ಉತ್ತರದ ಹಾಳೆಯೇ ಬೇಕಾಗಿಲ್ಲ, ವಿದ್ಯಾರ್ಥಿಯ ಒಂದು ನೋಟವನ್ನು ಇನ್ನೊಂದಕ್ಕೆ ಸಾಕ್ಷಿ ಮಾಡಿಕೊಂಡರೆ ಸಾಕು.

ದಪ್ಪ ಗೆರೆ ಏನು ಹೇಳುತ್ತದೆ

ಈಗ ಕಷ್ಟದ ಪ್ರಶ್ನೆ. ಆ 20ರ ಗೆರೆ ದಪ್ಪವಾಗಲು ಮೂರು ಕಾರಣ ಇರಬಹುದು. ಆಕೆ ಎಡದಿಂದಲೇ ನೋಡಿ, ಅಡಗಿದ ಅಂಚನ್ನು ಕಡಿದು ಎಳೆಯಬೇಕೆಂಬುದನ್ನು ಮರೆತಿರಬಹುದು. ಅಥವಾ ಬಲದಿಂದ ನೋಡಿ, ಆ ನೋಟವನ್ನು ಎಡ ನೋಟದ ಜಾಗದಲ್ಲಿ ಇಟ್ಟಿರಬಹುದು. ಅಥವಾ ಥರ್ಡ್ ಆ್ಯಂಗಲ್‌ನಲ್ಲಿ ಯೋಚಿಸಿರಬಹುದು, ಅಲ್ಲಿ ಬಲ ನೋಟ ಬಲಕ್ಕೇ ಬರುತ್ತದೆ.

ಮೂರನೆಯದು ಬೇಗ ಬಿದ್ದುಹೋಗುತ್ತದೆ. ಥರ್ಡ್ ಆ್ಯಂಗಲ್ ಆಗಿದ್ದರೆ ಟಾಪ್ ವ್ಯೂ ಮೇಲೆ ಬರಬೇಕಿತ್ತು. ಅವಳದು ಕೆಳಗಿದೆ, ಚಿಹ್ನೆಯೂ ಫಸ್ಟ್ ಆ್ಯಂಗಲ್‌ನದು.

ಮೊದಲನೆಯದನ್ನೂ ಹಾಳೆಯೇ ದುರ್ಬಲ ಮಾಡುತ್ತದೆ. ಹಿಡನ್ ಲೈನ್ ನಿಯಮ ಗೊತ್ತಿಲ್ಲದ ಹುಡುಗಿ ಫ್ರಂಟ್ ವ್ಯೂನಲ್ಲಿ ಕಚ್ಚಿನ ತಳವನ್ನು ಕಡಿದು ಎಳೆಯುತ್ತಿರಲಿಲ್ಲ. ಬಹಳ ಮಕ್ಕಳು ಬಿಟ್ಟುಬಿಡುವ ಗೆರೆ ಅದು. ತೂತಿನ ಗೆರೆಗಳನ್ನು ಎಲ್ಲ ಕಡೆ ಕಡಿದೇ ಎಳೆದಿದ್ದಾಳೆ. ನಿಯಮ ಚೆನ್ನಾಗಿ ಬಲ್ಲವಳು ಒಂದೇ ಕಡೆ, ಅದೂ ಎಡ ಬಲ ಬೇರೆಯಾಗುವ ಆ ಒಂದೇ ಗೆರೆಯಲ್ಲಿ ಮರೆತಳು ಅನ್ನುವುದಕ್ಕಿಂತ, ಬಲಗಡೆಯಿಂದ ನೋಡಿದಳು ಅನ್ನುವುದೇ ಹೆಚ್ಚು ನಂಬುವಂಥದು.

ಹಾಗಾದರೆ ಎರಡನೆಯ ಮೌಲ್ಯಮಾಪಕರೇ ಸರಿ ಅಲ್ವಾ? ಅವರ ಓದು ಸರಿ. ಆದರೆ ಸೊನ್ನೆ ಸರಿ ಅಂತ ನನಗೆ ಅನಿಸಲಿಲ್ಲ. ಹೆಚ್ಚು ನಂಬುವಂಥದು ಅನ್ನುವುದು ಬೇರೆ, ಹಾಳೆಯಲ್ಲಿ ಸಾಬೀತಾಗಿದೆ ಅನ್ನುವುದು ಬೇರೆ. ಈ ಬ್ಲಾಕ್‌ನ ಹೊರಗೆರೆ ಮತ್ತು ಕಚ್ಚು ಎರಡೂ ಕಡೆಯಿಂದ ಒಂದೇ. ಆಕೆ ಬರೆದದ್ದರಲ್ಲಿ ಆ ಭಾಗ ಕೇಳಿದ ಎಡ ನೋಟಕ್ಕೆ ಅಕ್ಷರಶಃ ಸರಿಹೊಂದುತ್ತದೆ. ಮನಸ್ಸಿನಲ್ಲಿ ಯಾವ ಕಡೆಯಿಂದ ನೋಡಿದ್ದಳು ಎಂದು ಊಹಿಸಿ, ಕಾಗದದ ಮೇಲೆ ಸರಿ ಇರುವ ಗೆರೆಗೆ ಅಂಕ ಕಳೆಯಲು ಬರುವುದಿಲ್ಲ. ಎರಡು ನೋಟವನ್ನು ಒಂದೇ ಒಂದು ಗೆರೆಯಿಂದ ಬೇರೆ ಮಾಡಬೇಕಾದ ವಸ್ತುವನ್ನು ಪ್ರಶ್ನೆಗೆ ಆರಿಸಿದ್ದು ನಾವು, ಅದರ ಭಾರ ವಿದ್ಯಾರ್ಥಿಯ ಮೇಲೆ ಬೀಳಬಾರದು.

ಮೂವರೂ ಕೂತು ಸೈಡ್ ವ್ಯೂನ 5 ಅಂಕವನ್ನು ಬಿಡಿಸಿಕೊಂಡೆವು. ಹೊರಗೆರೆ ಮತ್ತು ಕಚ್ಚಿಗೆ 2, ಬೇಸ್‌ನ ಅಡ್ಡ ಗೆರೆಗೆ 2, ತೂತಿನ ಗೆರೆ ಮತ್ತು ಸೆಂಟರ್ ಲೈನ್‌ಗೆ 1. ಅಡ್ಡ ಗೆರೆಗೆ ಹೆಚ್ಚು ತೂಕ ಕೊಟ್ಟದ್ದು ಬೇಕೆಂದೇ. ಎಡ ನೋಟ ಅನ್ನುವುದನ್ನು ತೋರಿಸುವ ಗೆರೆ ಅದೊಂದೇ. ಆಕೆಗೆ ಹೊರಗೆರೆಗೆ 2, ಅಡ್ಡ ಗೆರೆಗೆ ಏನೂ ಇಲ್ಲ, ತೂತಿನ ಗೆರೆ ಅಗಲದಲ್ಲಿ ಸರಿ ಎತ್ತರದಲ್ಲಿ ತಪ್ಪು ಎಂದು ಅರ್ಧ. ಒಟ್ಟು ಎರಡೂವರೆ.

ಜಾಗದ ಅಂಕ ಕಳೆಯಲಿಲ್ಲ. ಎಡ ನೋಟ ಇರಬೇಕಾದ ಜಾಗ ಬಲಕ್ಕೆ, ಚಿತ್ರ ಅಲ್ಲೇ ಇತ್ತು. ಬಲ ನೋಟ ಎಂದು ಒಂದು ಸಲ ಗೆರೆಯಲ್ಲಿ ಕಳೆದು, ಅದೇ ಕಾರಣಕ್ಕೆ ಮತ್ತೆ ಜಾಗದಲ್ಲೂ ಕಳೆದರೆ ಒಂದೇ ತಪ್ಪಿಗೆ ಎರಡು ದಂಡ ಆಗುತ್ತದೆ. ಕೊನೆಗೆ 20ಕ್ಕೆ 17.5. ಇಬ್ಬರೂ ಒಪ್ಪಿದರು. ಎರಡನೆಯವರು ಒಪ್ಪಿದ್ದು ಸುಲಭವಾಗಿ ಅಲ್ಲ. "ಶಾಪ್‌ನಲ್ಲಿ ಫಿಟ್ಟರ್ ಕೈಗೆ ಈ ಹಾಳೆ ಹೋದರೆ ಅರ್ಧ ಅಂಕ ಅರ್ಧ ಅಂಕ ಅಂತ ನೋಡ್ತಾನೇನ್ರೀ?" ಎಂದು ಕೇಳಿದರು. ಅವರ ಮಾತಿನಲ್ಲಿ ಸತ್ಯ ಇದೆ. ಈ ಹಾಳೆಯ ಫ್ರಂಟ್ ವ್ಯೂ ಗೋಡೆ ಎಡಕ್ಕಿದೆ ಅನ್ನುತ್ತದೆ, ಸೈಡ್ ವ್ಯೂ ಎಡದಿಂದ ನೋಡಿದರೆ ಬೇಸ್ ಮುಂದೆ ಕಾಣುತ್ತದೆ ಅನ್ನುತ್ತದೆ. ಕಪನೂರ ಕೈಗಾರಿಕಾ ಪ್ರದೇಶದ ಯಾವುದೇ ವರ್ಕ್‌ಶಾಪ್‌ನವರು ಇಂಥ ಹಾಳೆಯನ್ನು ವಾಪಸ್ ಕಳಿಸುತ್ತಾರೆ. ಆದರೆ ಮೊದಲ ವರ್ಷದ ಪರೀಕ್ಷೆ ಅಳೆಯುವುದು ಯಾವ ಯಾವ ಮೆಟ್ಟಿಲು ಹತ್ತಿದ್ದಾರೆ ಅನ್ನುವುದನ್ನು.

ತೂತನ್ನು ಪಕ್ಕಕ್ಕೆ ಸರಿಸಿ ನೋಡಿದ್ದು

ಅಂಕ ಬರೆದು ಮುಗಿಸಿದ ಮೇಲೆಯೇ ಆಕೆಯನ್ನು ಕರೆದೆ. ಮಾತಾಡಿದ್ದರಿಂದ ಅಂಕ ಮೇಲೆ ಕೆಳಗೆ ಆಗಬಾರದು. ಅಂಕ ಕಾಗದಕ್ಕೆ, ಮಾತು ಕಲಿಕೆಗೆ.

ಆಳಂದ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುವ ಹುಡುಗಿ. ನಾನು ತಪ್ಪು ಏನೆಂದು ಹೇಳಲಿಲ್ಲ. ಅದೇ ಬ್ಲಾಕ್, ಒಂದೇ ಬದಲಾವಣೆ: ತೂತಿನ ಕೇಂದ್ರ ಮುಂದಿನ ಅಂಚಿನಿಂದ 25 ಮಿ.ಮೀ. ಅಲ್ಲ, 15. ಅಂದರೆ ತೂತು ಮುಂಭಾಗಕ್ಕೆ ಹತ್ತಿರ ಬಂತು. ಐಸೋಮೆಟ್ರಿಕ್ ಚಿತ್ರವನ್ನು ಮತ್ತೆ ಅದೇ ಕೋನದಲ್ಲಿ ಬರೆದುಕೊಟ್ಟು, "ಎಡಗಡೆಯ ಸೈಡ್ ವ್ಯೂ ಒಂದನ್ನೇ ಕೈಯಿಂದ ಬಿಡಿಸವ್ವಾ. ಟಾಪ್ ವ್ಯೂ ಬೇಡ, 45 ಡಿಗ್ರಿ ಗೆರೆಯೂ ಬೇಡ" ಎಂದೆ.

ಓರೆ ಗೆರೆ ಬೇಡ ಅಂದದ್ದಕ್ಕೆ ಕಾರಣ ಇದೆ. ಟಾಪ್ ವ್ಯೂ ಕೆಳಗಿದ್ದು, ಓರೆ ಗೆರೆ ಬಲಗಡೆ ಕೆಳಮೂಲೆಯಲ್ಲಿ ಇದ್ದರೆ, ಟಾಪ್ ವ್ಯೂನಲ್ಲಿ ಎಷ್ಟು ಕೆಳಗೆ ಇದೆಯೋ ಸೈಡ್ ವ್ಯೂನಲ್ಲಿ ಅಷ್ಟು ಬಲಕ್ಕೆ ಹೋಗುತ್ತದೆ. ಟಾಪ್ ವ್ಯೂನ ಕೆಳ ಅಂಚು ವಸ್ತುವಿನ ಮುಂಭಾಗ. ಅದು ತಾನಾಗೇ ಸೈಡ್ ವ್ಯೂನ ಬಲತುದಿಗೆ ಹೋಗಿ ಕೂರುತ್ತದೆ, ಎಡ ನೋಟದಲ್ಲಿ ಅದು ಇರಬೇಕಾದದ್ದೂ ಅಲ್ಲೇ. ಕೈ ಯಂತ್ರದಂತೆ ಗೆರೆ ಎಳೆದರೂ ತೂತು ಸರಿ ಜಾಗಕ್ಕೆ ಬೀಳುತ್ತದೆ, ಕಣ್ಣು ಯಾವ ಕಡೆಯಿಂದ ನೋಡಿತು ಅನ್ನುವುದು ಮುಚ್ಚಿಹೋಗುತ್ತದೆ. ನನಗೆ ಬೇಕಿದ್ದದ್ದು ಕಣ್ಣಿನ ಉತ್ತರ.

ಎಡದಿಂದ ನೋಡುವವನಿಗೆ ವಸ್ತುವಿನ ಮುಂಭಾಗ ಬಲಗೈ ಕಡೆ ಇರುತ್ತದೆ. ಹಾಗಾಗಿ ಸರಿ ಉತ್ತರದಲ್ಲಿ ತೂತಿನ ಸೆಂಟರ್ ಲೈನ್ ಬಲ ಅಂಚಿನಿಂದ 15 ದೂರ. ಬಲದಿಂದ ನೋಡಿದರೆ ಎಡ ಅಂಚಿನಿಂದ 15. ಆಕೆ ಬಿಡಿಸಿದ್ದರಲ್ಲಿ ತೂತು ಎಡ ಅಂಚಿಗೆ ಹತ್ತಿರ ಇತ್ತು, 20ರ ಗೆರೆ ಮತ್ತೆ ದಪ್ಪ. ಈಗ ಅನುಮಾನ ಉಳಿಯಲಿಲ್ಲ. ಬಲಗಡೆಯ ನೋಟವನ್ನು ಯಾವ ಗೆರೆಯ ತಪ್ಪೂ ಇಲ್ಲದೆ ಬಿಡಿಸಿದ್ದಳು. ತೂತಿನ ಗೆರೆ ಕೂಡ ಈ ಸಲ 20ಕ್ಕೇ ನಿಂತಿತ್ತು, ಯಾಕಂದರೆ ಕಚ್ಚಿನ ಗೆರೆಯೂ ತೂತಿನ ಗೆರೆಯೂ ಈಗ ಒಂದೇ ಸಾಲಿನಲ್ಲಿ ಇರಲಿಲ್ಲ.

"ಯಾವ ಕಡೆಯಿಂದ ನೋಡಿದೆ?" ಎಂದು ಕೇಳಿದೆ.

"ಸರ್, ಚಿತ್ರದಾಗ ಎಡಗಡೆ ಮುಖ ಕಾಣ್ಸೋದೇ ಇಲ್ರೀ. ಕಾಣ್ಸಿದ್ದು ತೆಗ್ದೀನ್ರೀ. ಇಡೋದು ಬಲಕ್ಕ ಅಂತ ಗೊತ್ತಿತ್ರೀ."

ಎಲ್ಲವೂ ಈ ಉತ್ತರದಲ್ಲಿದೆ. F ಬಾಣ ಎಡಮೂಲೆಯಿಂದ ಬಂದರೆ ಐಸೋಮೆಟ್ರಿಕ್ ಚಿತ್ರದಲ್ಲಿ ಕಾಣುವುದು ಮುಂಭಾಗ, ಮೇಲ್ಭಾಗ ಮತ್ತು ಬಲಭಾಗ. ಎಡಭಾಗ ಚಿತ್ರದ ಹಿಂದೆ. ಎಡ ನೋಟ ಕೇಳಿದಾಗ ಕಾಣದ ಕಡೆಗೆ ಮನಸ್ಸಿನಲ್ಲಿ ನಡೆದುಹೋಗಿ ನಿಂತು ನೋಡಬೇಕು. ಆಕೆಗೆ "ಎಡ ನೋಟ ಬಲಕ್ಕೆ" ಎಂಬ ಸಾಲು ಬಾಯಿಪಾಠ ಬಂದಿತ್ತು, ಎಲ್ಲಿ ಇಡಬೇಕು ಗೊತ್ತಿತ್ತು. ಏನನ್ನು ಇಡಬೇಕು ಅನ್ನುವುದಕ್ಕೆ ಚಿತ್ರದಲ್ಲಿ ಕಂಡದ್ದನ್ನೇ ಎತ್ತಿಕೊಂಡಳು. ನಾವು ತರಗತಿಗಳಲ್ಲಿ ಆ ಸಾಲನ್ನು ಅಷ್ಟು ಸಲ ಹೇಳಿಸುತ್ತೇವೆ, ಅದರಿಂದ ಮಕ್ಕಳ ಗಮನ ಜಾಗದ ಮೇಲೇ ಉಳಿದುಬಿಡುತ್ತದೆ ಅಂತ ನನಗೆ ಅನಿಸುತ್ತದೆ.

ಬಳಿಕ ಅದೇ ಬದಲಾದ ಬ್ಲಾಕನ್ನು ಟಾಪ್ ವ್ಯೂ ಮತ್ತು ಓರೆ ಗೆರೆ ಸಮೇತ ಬಿಡಿಸಲು ಹೇಳಿದೆ. ಓರೆ ಗೆರೆ ತೂತನ್ನು ಬಲ ಅಂಚಿನ ಕಡೆಗೆ ಒಯ್ದಿತು. ಆಕೆ ಕೈಯಿಂದ ಬಿಡಿಸಿದ್ದು ಎಡ ಅಂಚಿನ ಕಡೆ ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ನೆ ನೋಡಿದಳು. ನಂತರ ತಾನೇ ಕೈಬರಹದ ಚಿತ್ರದ ಮೇಲೆ "ಬಲ" ಎಂದು ಬರೆದಳು.

ಸೋಪಿನ ತುಂಡು

ಕಾಣದ ಕಡೆಯನ್ನು ಕಾಣಿಸಲು ನಾವು ಬಟ್ಟೆ ಸೋಪಿನಲ್ಲಿ ಬ್ಲಾಕ್ ಕೊರೆದೆವು. ಅರ್ಧ ಅಳತೆ: 40 ಉದ್ದ, 25 ಅಗಲ, 30 ಎತ್ತರ. ಚಾಕುವಿನಿಂದ L ಕತ್ತರಿಸಿ, ತಲೆಯಲ್ಲಿ ಕಚ್ಚು ಮಾಡಿ, ಪೆನ್ನಿನ ಮುಚ್ಚಳ ತಿರುಗಿಸಿ ತೂತು. ಅಳತೆ ಮಿಲಿಮೀಟರಿಗೆ ಸರಿ ಇರಬೇಕಿಲ್ಲ, ತೂತು ಮುಂಭಾಗಕ್ಕೆ ಹತ್ತಿರ ಇದ್ದರೆ ಸಾಕು. ಮುಂಭಾಗದ ಮೇಲೆ ಪೆನ್ನಿನಿಂದ ಒಂದು ಗುರುತು ಹಾಕಿ.

ಈಗ ಸೋಪನ್ನು ಡ್ರಾಯಿಂಗ್ ಬೋರ್ಡ್ ಮೇಲೆ, ಮುಂಭಾಗ ಆಕಾಶ ನೋಡುವಂತೆ ಮಲಗಿಸಿ. ಗೋಡೆ ನಿಮ್ಮ ಎಡಕ್ಕೆ, ಬೇಸ್‌ನ ತಳ ನಿಮ್ಮ ಹೊಟ್ಟೆಯ ಕಡೆ. ಮೇಲಿನಿಂದ ಕಾಣುವುದೇ ಫ್ರಂಟ್ ವ್ಯೂ. ಅದನ್ನು ಬಲಕ್ಕೆ ಒಂದು ಸಲ ಉರುಳಿಸಿ. ಬಲಭಾಗ ಕೆಳಗೆ ಹೋಗುತ್ತದೆ, ಎಡಭಾಗ ಮೇಲೆ ಬರುತ್ತದೆ. ಅದೇ ಎಡ ನೋಟ, ಬಂದು ನಿಂತದ್ದೂ ಬಲಕ್ಕೆ. ಮತ್ತೆ ಮೊದಲಿನ ಜಾಗಕ್ಕೆ ತಂದು ನಿಮ್ಮ ಕಡೆಗೆ ಉರುಳಿಸಿ. ತಳ ಕೆಳಗೆ ಹೋಗಿ ಮೇಲ್ಭಾಗ ಮೇಲೆ ಬರುತ್ತದೆ, ಟಾಪ್ ವ್ಯೂ ಕೆಳಗೆ ಬಂತು. ಫಸ್ಟ್ ಆ್ಯಂಗಲ್‌ನಲ್ಲಿ ಯಾವ ನೋಟ ಎಲ್ಲಿ ಅನ್ನುವುದನ್ನು ಈ ಉರುಳಿಸುವಿಕೆಯೇ ಹೇಳುತ್ತದೆ. ಜಾಗ ಮತ್ತು ನೋಟ ಒಟ್ಟಿಗೇ ಬರುತ್ತವೆ, ಬೇರೆ ಬೇರೆ ನೆನಪಿಡುವ ಕೆಲಸ ಇಲ್ಲ.

ಉರುಳಿಸಿದಾಗ ಪೆನ್ನಿನ ಗುರುತು ಎಲ್ಲಿ ಹೋಯಿತು ಎಂದು ಆಕೆಯನ್ನು ಕೇಳಿದೆ. ಬಲಕ್ಕೆ ಉರುಳಿಸಿದಾಗ ಗುರುತು ಬಲತುದಿಗೆ, ತನ್ನ ಕಡೆ ಉರುಳಿಸಿದಾಗ ಕೆಳತುದಿಗೆ. ಎರಡರಲ್ಲೂ ವಸ್ತುವಿನ ಮುಂಭಾಗ ಫ್ರಂಟ್ ವ್ಯೂನಿಂದ ದೂರದ ಅಂಚಿಗೆ ಹೋಗಿದೆ. ಇದು ಮೌಲ್ಯಮಾಪಕರಿಗೆ ಬಹಳ ಉಪಯೋಗದ ಗುರುತು. ಫಸ್ಟ್ ಆ್ಯಂಗಲ್ ಹಾಳೆಯಲ್ಲಿ ಮುಂಭಾಗ ಯಾವಾಗಲೂ ಫ್ರಂಟ್ ವ್ಯೂಗೆ ದೂರ, ಥರ್ಡ್ ಆ್ಯಂಗಲ್‌ನಲ್ಲಿ ಯಾವಾಗಲೂ ಹತ್ತಿರ. ಮುಂಭಾಗದಲ್ಲಿ ಮಾತ್ರ ಇರುವ ಒಂದು ತೂತನ್ನೋ ಕಚ್ಚನ್ನೋ ಹಿಡಿದು ಎರಡು ನೋಟಗಳಲ್ಲಿ ಅದು ದೂರ ಇದೆಯೋ ಹತ್ತಿರ ಇದೆಯೋ ನೋಡಿದರೆ, ಹಾಳೆ ಒಂದೇ ವಿಧಾನದಲ್ಲಿದೆಯೋ ಕಲಬೆರಕೆಯೋ ತಕ್ಷಣ ಗೊತ್ತಾಗುತ್ತದೆ. ವಸ್ತು ಮುಂದೆ ಹಿಂದೆ ಒಂದೇ ಥರ ಇದ್ದರೆ ಮಾತ್ರ ಈ ಉಪಾಯ ಕೆಲಸ ಮಾಡದು. ನಮ್ಮ ಪರೀಕ್ಷೆಯ ಬ್ಲಾಕ್ ಅಂಥದ್ದೇ ಆಗಿತ್ತು.

ಅದೇ ಕಟ್ಟಿನ ಇನ್ನೊಂದು ಹಾಳೆ

ಹೋಲಿಸಲು ಇನ್ನೊಂದು ಹಾಳೆಯನ್ನು ಇಲ್ಲಿ ಹೇಳಬೇಕು. ಒಬ್ಬ ಹುಡುಗ ಟಾಪ್ ವ್ಯೂವನ್ನು ಫ್ರಂಟ್ ವ್ಯೂನ ಮೇಲೆ ಇಟ್ಟಿದ್ದ, ಸೈಡ್ ವ್ಯೂವನ್ನು ಎಡಕ್ಕೆ. ಸೈಡ್ ವ್ಯೂನಲ್ಲಿ 20ರ ಗೆರೆ ಸರಿಯಾಗಿ ಕಡಿದು ಎಳೆದದ್ದು, ತೂತಿನ ಗೆರೆ 20ಕ್ಕೆ ನಿಂತದ್ದು. ಮೊದಲ ನೋಟಕ್ಕೆ ಇದು ಆ ಹುಡುಗಿಯ ಹಾಳೆಗಿಂತ ಜಾಸ್ತಿ ಕೆಟ್ಟದ್ದು ಅನಿಸುತ್ತದೆ, ಎರಡು ನೋಟಗಳೂ ತಪ್ಪು ಜಾಗದಲ್ಲಿವೆ. ನಿಜಕ್ಕೂ ಇವನ ಮೂರು ನೋಟಗಳೂ ಗೆರೆ ಗೆರೆಗೂ ಸರಿ. ಹಾಳೆ ಪೂರ್ತಿ ಥರ್ಡ್ ಆ್ಯಂಗಲ್‌ನಲ್ಲಿದೆ ಅಷ್ಟೇ. ಪ್ರಶ್ನೆ ಫಸ್ಟ್ ಆ್ಯಂಗಲ್ ಎಂದು ಸ್ಪಷ್ಟವಾಗಿ ಕೇಳಿದ್ದರಿಂದ ಜಾಗದ 2 ಅಂಕವೂ ಹೋಯಿತು. ನೋಟಗಳ 16 ಅಂಕವನ್ನು ಮುಟ್ಟಲಿಲ್ಲ.

ಆ ಹುಡುಗ ಟಾಪ್ ವ್ಯೂವನ್ನು ಕೆಳಗಿಟ್ಟು, ಎಡ ನೋಟವನ್ನು ಮಾತ್ರ ಎಡಕ್ಕೆ ಇಟ್ಟಿದ್ದರೆ ಅದು ಬೇರೆ ಕಥೆ. ಆಗ ಹಾಳೆ ಎರಡು ವಿಧಾನಗಳ ಕಲಬೆರಕೆ, ಓದುವವನಿಗೆ ಯಾವ ನಿಯಮದಲ್ಲಿ ಓದಬೇಕು ಗೊತ್ತಾಗದು. ಭಾರತೀಯ ಮಾನಕ ಬ್ಯೂರೋ ಶಾಲೆ ಕಾಲೇಜುಗಳ ಡ್ರಾಯಿಂಗ್‌ಗೆ ಹೊರತಂದ SP 46 ಕೂಡ ಫಸ್ಟ್ ಆ್ಯಂಗಲ್ ಕಡೆಗೇ ಇದೆ. ಆದರೆ ಥರ್ಡ್ ಆ್ಯಂಗಲ್ ಒಂದು ಪೂರ್ತಿ ಭಾಷೆ, ಅದರ ಚಿಹ್ನೆ ಹಾಕಿದರೆ ಯಾವ ವರ್ಕ್‌ಶಾಪ್‌ನವರೂ ಓದುತ್ತಾರೆ. ಕಲಬೆರಕೆಗೆ ಯಾವ ಚಿಹ್ನೆಯೂ ಇಲ್ಲ.

ಪ್ರಶ್ನೆಯಲ್ಲಿ ಮಾಡಿದ ಬದಲಾವಣೆ

ಮುಂದಿನ ಪರೀಕ್ಷೆಗೆ ನಾವು ಪ್ರಶ್ನೆಯನ್ನೇ ತಿದ್ದಿದೆವು. ತೂತು ನಡುಮಧ್ಯ ಇಲ್ಲ, ಮುಂದಿನ ಅಂಚಿನಿಂದ 15. ತೂತಿನ ವ್ಯಾಸ 16 ಮಾಡಿ, ಕಚ್ಚಿನ ಅಗಲವನ್ನು 20 ಇದ್ದಂತೆಯೇ ಬಿಟ್ಟೆವು, ಎರಡರ ಅಂಚಿನ ಗೆರೆಗಳು ಒಂದೇ ಸಾಲಿಗೆ ಬೀಳಬಾರದು ಎಂದು. ಈ ಎರಡು ಚಿಕ್ಕ ಬದಲಾವಣೆಯಿಂದ ಎಡ ನೋಟಕ್ಕೂ ಬಲ ನೋಟಕ್ಕೂ ವ್ಯತ್ಯಾಸ ಒಂದು ಗೆರೆಯಲ್ಲಿ ನಿಲ್ಲದೆ ತೂತಿನ ಜಾಗದಲ್ಲೂ ಕಾಣುತ್ತದೆ. 20ರ ಗೆರೆ ದಪ್ಪವಾಗಿದ್ದು ತೂತು ಸರಿ ಕಡೆ ಇದ್ದರೆ, ಹಾಳೆಯಲ್ಲಿ ಓರೆ ಗೆರೆ ಎಳೆದಿದ್ದಾರಾ ಎಂದು ಮೊದಲು ನೋಡಬೇಕು. ಎಳೆದಿಲ್ಲದಿದ್ದರೆ ಅದು ಗೆರೆಯ ತಪ್ಪು. ಎಳೆದಿದ್ದರೆ ತೂತಿನ ಸಾಕ್ಷಿ ಅರ್ಧವೇ, ಅಡ್ಡ ಗೆರೆಯ 2 ಅಂಕವನ್ನಷ್ಟೇ ಕಳೆಯುತ್ತೇವೆ. ಎರಡೂ ಉಲ್ಟಾ ಆಗಿದ್ದರೆ ಅದು ನೋಟದ ತಪ್ಪು. ಆಗ ಹೊರಗೆರೆ ಮತ್ತು ಕಚ್ಚಿನ 2 ಅಂಕ ಬಿಟ್ಟು ಸೈಡ್ ವ್ಯೂನ ಉಳಿದ 3 ಹೋಗುತ್ತದೆ ಎಂದು ಸ್ಕೀಮ್‌ನಲ್ಲೇ ಬರೆದುಕೊಂಡೆವು.

F ಬಾಣವನ್ನು ಎಡಮೂಲೆಯಲ್ಲೇ ಉಳಿಸಿಕೊಂಡೆವು. ಬಲಮೂಲೆಗೆ ತಂದರೆ ಎಡಭಾಗ ಚಿತ್ರದಲ್ಲೇ ಕಾಣುತ್ತದೆ, ಉತ್ತರ ಸುಲಭ ಆಗುತ್ತದೆ ಎಂದು ಒಬ್ಬರು ಹೇಳಿದರು. ಅಭ್ಯಾಸದ ಹಾಳೆಗಳಲ್ಲಿ ಹಾಗೆ ಶುರು ಮಾಡಬಹುದು. ಪರೀಕ್ಷೆಯಲ್ಲಿ ಕಾಣದ ಕಡೆಗೆ ಹೋಗಿ ನಿಲ್ಲುವುದನ್ನೇ ಕೇಳಬೇಕು ಅನ್ನುವುದು ನನ್ನ ಪಟ್ಟು, ಹಿಡನ್ ಲೈನ್ ಬರುವುದೇ ಅಲ್ಲಿ. ಆದರೆ ಕಾಣದ ಕಡೆ ಚಿತ್ರಕ್ಕೆ ಸಿಗದ ತಗ್ಗೋ ತೂತೋ ಇಡಬಾರದು. ಇಟ್ಟರೆ ಅದನ್ನು ಪ್ರಶ್ನೆಯಲ್ಲಿ ಮಾತಿನಲ್ಲಿ ಬರೆಯಲೇಬೇಕು.